ಎಲೆಯಂಚಿನ ಹಳದಿ, ಕಾಂಡದೊಳಗಿನ ಕಪ್ಪು: ಕೋಸಿನ ಫೋಟೊ ಓದುವ ಬಗೆ

ಮಾಲೂರು ಕಡೆಯ ರೈತರೊಬ್ಬರು ಒಂದು ಬೆಳಿಗ್ಗೆ ಮೊಬೈಲಿಗೆ ಎರಡು ಫೋಟೊ ಕಳಿಸಿದ್ದರು. ಒಂದರಲ್ಲಿ ಕೋಸಿನ ಹೊಲದ ಸಾಲು, ಇನ್ನೊಂದರಲ್ಲಿ ಕಿತ್ತು ಅಂಗೈ ಮೇಲಿಟ್ಟ ಒಂದು ಎಲೆ. ಕೆಳಗೆ ಒಂದು ಸಾಲು: "ಸಾರ್, ಎಲೆ ಹಳದಿ ಆಗ್ತಾ ಐತೆ, ಯೂರಿಯಾ ಕೊಡ್ಲಾ? ಇನ್ನು ಹದಿನೈದು ದಿನಕ್ಕೆ ಕೊಯ್ಲು."

ಯೂರಿಯಾ ಬೇಡ ಎಂದು ಹೇಳಲು ಆ ಎಲೆಯ ಫೋಟೊ ಒಂದೇ ಸಾಕಾಗಿತ್ತು. ಸಾರಜನಕ ಕಡಿಮೆಯಾದರೆ ಬುಡದ ಹಳೆಯ ಎಲೆ ಇಡಿಯಾಗಿ ಬಿಳಿಚಿಕೊಳ್ಳುತ್ತದೆ. ಇಲ್ಲಿ ಹಾಗಿರಲಿಲ್ಲ. ಎಲೆಯ ಬಹುಭಾಗ ಹಸಿರಾಗಿಯೇ ಇತ್ತು. ಅಂಚಿನ ಎರಡು ಕಡೆ ಮಾತ್ರ ಹಳದಿ ಅಗಲವಾಗಿ ಹುಟ್ಟಿ, ಒಳಕ್ಕೆ ಬಂದಂತೆ ಕಿರಿದಾಗಿ, ನಡುನರದ ಕಡೆಗೆ ಮೊನೆ ಮಾಡಿತ್ತು. ಮರ ಸೀಳಲು ಹೊಡೆಯುವ ಬೆಣೆಯ ಆಕಾರ, ಇಂಗ್ಲಿಷಿನ 'ವಿ' ಅಕ್ಷರದ ಆಕಾರ. ಆ ಹಳದಿಯೊಳಗೆ ಸಣ್ಣ ನರಗಳು ಕಪ್ಪು ದಾರದ ಬಲೆಯಂತೆ ಕಾಣುತ್ತಿದ್ದವು. ಇದು ಕಪ್ಪು ಕೊಳೆ ರೋಗದ ಗುರುತು.

ಆಕಾರ 'ವಿ' ಆಗಿಯೇ ಏಕಿರುತ್ತದೆ ಎಂಬುದಕ್ಕೆ ಉತ್ತರ ಬೆಳಗಿನ ಹೊಲದಲ್ಲಿದೆ. ಬೆಳಿಗ್ಗೆ ಕೋಸಿನ ಎಲೆಯಂಚಿನಲ್ಲಿ ಮಣಿ ಪೋಣಿಸಿದಂತೆ ನಿಲ್ಲುವ ಹನಿಗಳೆಲ್ಲ ಮೇಲಿನಿಂದ ಬಿದ್ದ ಇಬ್ಬನಿಯಲ್ಲ. ಬೇರು ರಾತ್ರಿ ಎತ್ತಿದ ನೀರು ಅಂಚಿನ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿರುತ್ತದೆ. ಬಿಸಿಲೇರಿದಾಗ ಆ ಹನಿಯಲ್ಲಿ ಒಂದಿಷ್ಟು ಮತ್ತೆ ಎಲೆಯೊಳಗೆ ಸೇರುತ್ತದೆ. ರೋಗ ತರುವ ಕ್ಸಾಂತೊಮೊನಾಸ್ ಎಂಬ ದುಂಡಾಣು ಹನಿಯಲ್ಲಿದ್ದರೆ ಅದೂ ನೀರಿನ ಜೊತೆ ಒಳಗೆ ಹೋಗುತ್ತದೆ. ಅಲ್ಲಿಂದ ನರದ ಹಾದಿ ಹಿಡಿದು ನಡುನರಕ್ಕೆ, ನಡುನರದಿಂದ ಕಾಂಡಕ್ಕೆ ಇಳಿಯುತ್ತದೆ. ಕೋಸಿನ ನರಗಳು ಅಂಚಿನಿಂದ ಒಳಕ್ಕೆ ಒಂದೊಂದಾಗಿ ಕೂಡುತ್ತಾ ಬರುವುದರಿಂದ, ಕಟ್ಟಿಕೊಂಡ ನರಗಳ ನಡುವಿನ ಜಾಗವೂ ಬೆಣೆಯಂತೆ ಹಳದಿಯಾಗುತ್ತದೆ.

ಫೋಟೊದಲ್ಲಿ ಇದರ ಜೊತೆ ಬೆರೆತುಹೋಗುವ ಕಲೆಗಳು ಮುಖ್ಯವಾಗಿ ಮೂರು. ಆಲ್ಟರ್ನೇರಿಯಾ ಶಿಲೀಂಧ್ರದ ಕಲೆ ಎಲೆಯ ನಡುವೆ ಎಲ್ಲಿ ಬೇಕಾದರೂ ಹುಟ್ಟುತ್ತದೆ, ಗುಂಡಗಿರುತ್ತದೆ, ಒಳಗೆ ಉಂಗುರದ ಮೇಲೆ ಉಂಗುರ ಇರುತ್ತದೆ. ಬೂಜು ರೋಗದಲ್ಲಿ ಹಳದಿ ಕಲೆಯ ಹಿಂಬದಿಗೆ ಬೆಳ್ಳನೆಯ ಬೂಜು ಕಾಣುತ್ತದೆ; ಆದ್ದರಿಂದ ಎಲೆಯ ಹಿಂಬದಿಯ ಫೋಟೊವನ್ನೂ ಕೇಳಬೇಕು. ಪೊಟ್ಯಾಶ್ ಕೊರತೆಯಲ್ಲಿ ಅಂಚು ಸುಟ್ಟಂತಾಗುತ್ತದೆ ನಿಜ, ಆದರೆ ಅದು ಅಂಚಿನುದ್ದಕ್ಕೂ ಪಟ್ಟಿಯಂತೆ ಹರಡುತ್ತದೆ, ಬೆಣೆಯಾಗುವುದಿಲ್ಲ, ನರವೂ ಕಪ್ಪಾಗುವುದಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದು ತೆಗೆದ ಫೋಟೊದಲ್ಲಿ ಕಪ್ಪು ನರ ಎದ್ದು ಕಾಣುತ್ತದೆ. ನಡುಹಗಲ ಬಿಸಿಲಲ್ಲಿ ಮೇಲಿನಿಂದ ತೆಗೆದದ್ದರಲ್ಲಿ ಎಲೆಯ ಮೇಣದ ಹೊಳಪು ಅದನ್ನು ಮುಚ್ಚಿಬಿಡುತ್ತದೆ.

ಎಲೆ ನೋಡಿ ಬಂದ ಅನುಮಾನವನ್ನು ಗಟ್ಟಿಮಾಡಲು ಅವರಿಂದ ಇನ್ನೊಂದು ಫೋಟೊ ಕೇಳಿದೆ: ಒಂದು ಗಿಡ ಕಿತ್ತು, ಕಾಂಡವನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮುಖ ಕಾಣುವಂತೆ. ಆರೋಗ್ಯವಾದ ಕಾಂಡ ಬೆಳ್ಳಗಿರುತ್ತದೆ. ಅವರು ಕಳಿಸಿದ್ದರಲ್ಲಿ ಸಿಪ್ಪೆಯ ಒಳಗೆ ಕಪ್ಪು ಚುಕ್ಕೆಗಳ ಉಂಗುರವೇ ಇತ್ತು. ರೋಗ ಎಲೆ ದಾಟಿ ಕಾಂಡಕ್ಕೆ ಬಂದಾಗಿತ್ತು.

ಈಗ ಉಳಿದ ಪ್ರಶ್ನೆ ಗಡ್ಡೆಯದು. ಗಡ್ಡೆ ಗಟ್ಟಿಯಾಗಿದ್ದರೆ ಕೂಡಲೇ ಕೊಯ್ಯಬಹುದು, ಸಡಿಲವಿದ್ದರೆ ಬೆಲೆ ಸಿಗುವುದಿಲ್ಲ. ಹೊಲದಲ್ಲಿ ನಿಂತವರು ಹೆಬ್ಬೆರಳಿನಿಂದ ಒತ್ತಿ ಹೇಳುತ್ತಾರೆ. ಫೋಟೊವನ್ನು ಒತ್ತಲಾಗದು, ಕಣ್ಣಿಗೆ ಸಿಗುವ ಸೂಚನೆಗಳಿಂದಲೇ ಊಹಿಸಬೇಕು. ಗಟ್ಟಿಯಾದ ಗಡ್ಡೆಯ ಹೊದಿಕೆ ಎಲೆ ಮದ್ದಲೆಯ ಚರ್ಮದಂತೆ ಬಿಗಿದು ನುಣುಪಾಗಿರುತ್ತದೆ, ಮೇಲಿನ ಎಲೆಯ ಅಂಚು ಹೊರಕ್ಕೆ ಸುರುಳಿಯಾಗಿರುತ್ತದೆ. ಸಡಿಲ ಗಡ್ಡೆಯ ಮೇಲೆ ಸುಕ್ಕು, ತಗ್ಗುಗಳಿರುತ್ತವೆ. ಬಲಿತು ಮೀರಿದ್ದು ಬಿರುಕು ಬಿಟ್ಟಿರುತ್ತದೆ. ಎಳೆಯದರಲ್ಲೇ ಕಪ್ಪು ಕೊಳೆ ಬಂದ ಗಿಡದ ಗಡ್ಡೆ ಸಣ್ಣದಾಗಿ, ಕೆಲವೊಮ್ಮೆ ಒಂದು ಮಗ್ಗುಲು ಕುಗ್ಗಿ ಸೊಟ್ಟಗಾಗುತ್ತದೆ.

ಇದಕ್ಕಿಂತ ಖಚಿತ ದಾರಿ ತೂಕ. ಅವರಿಗೆ ಎರಡು ಗಡ್ಡೆಗಳ ಹೊರ ಎಲೆ ತೆಗೆದು ತಕ್ಕಡಿಯ ಮೇಲಿಡಲು, ಪಕ್ಕದಲ್ಲಿ ಸ್ಕೇಲ್ ಹಿಡಿಯಲು ಹೇಳಿದೆ. ಎರಡೂ 15 ಸೆಂಟಿಮೀಟರ್ ಅಗಲ. ಒಂದು 1.3 ಕಿಲೊ, ಇನ್ನೊಂದು 850 ಗ್ರಾಂ. ಅಷ್ಟು ಅಗಲದ ಗುಂಡು ಗಡ್ಡೆ ಸುಮಾರು 1,770 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅಷ್ಟೇ ಜಾಗದ ನೀರು 1.77 ಕಿಲೊ ತೂಗುತ್ತದೆ. ಮೊದಲ ಗಡ್ಡೆ ಅದರ ಮುಕ್ಕಾಲು ಪಾಲು ತೂಗಿತು, ಎರಡನೆಯದು ಅರ್ಧವನ್ನೂ ಮುಟ್ಟಲಿಲ್ಲ. ಹೊರಗಿನಿಂದ ಅವಳಿಗಳಂತೆ ಕಂಡರೂ ಎರಡನೆಯದರ ಎಲೆಗಳ ನಡುವೆ ತುಂಬಿದ್ದು ಗಾಳಿ.

ಇಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಸ್ಕೇಲನ್ನು ನೆಲದ ಮೇಲಿಟ್ಟು ಮೇಲಿನಿಂದ ಫೋಟೊ ತೆಗೆದರೆ, ಕ್ಯಾಮೆರಾಗೆ ಹತ್ತಿರವಿರುವ ಗಡ್ಡೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 15 ಸೆಂಟಿಮೀಟರ್ 16.5 ಎಂದು ಲೆಕ್ಕವಾದರೆ ಜಾಗ ಮೂರನೇ ಒಂದು ಪಾಲು ಹೆಚ್ಚಿ, ಗಟ್ಟಿ ಗಡ್ಡೆಯೂ ಸಡಿಲವೆಂಬ ತೀರ್ಪು ಬರುತ್ತದೆ. ಸ್ಕೇಲನ್ನು ಗಡ್ಡೆಯ ಅತಿ ಅಗಲವಾದ ಭಾಗದ ಮಟ್ಟಕ್ಕೆ ಹಿಡಿಯಬೇಕು.

ಮಾರುಕಟ್ಟೆಯ ಫೋಟೊ ಇನ್ನೂ ಮೋಸ ಮಾಡುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಹಳದಿ ಅಂಚಿನ ಎಲೆಗಳನ್ನೆಲ್ಲ ಸುಲಿದಿರುತ್ತಾರೆ. ಗಡ್ಡೆ ಬಿಳಿ ಬಿಳಿಯಾಗಿ ಅಂದವಾಗಿ ಕಂಡರೆ ಹೆಚ್ಚು ಎಲೆ ಸುಲಿದಿದ್ದಾರೆ ಎಂದು ತಿಳಿಯಬೇಕು. ಮಗುಚಿ ಬುಡ ನೋಡಿ. ಕೊಯ್ದ ಜಾಗ ಗಾಳಿಗೆ ಒಣಗಿ ಕಂದಾಗುವುದು ಸಹಜ, ಆದರೆ ತೆಳುವಾಗಿ ಹೊಸದಾಗಿ ಕೊಯ್ದಾಗಲೂ ಕಪ್ಪು ಉಂಗುರ ಉಳಿದರೆ ಅದು ರೋಗ. ಈ ದುಂಡಾಣು ಮನುಷ್ಯರಿಗೆ ಕಾಯಿಲೆ ತರುವುದಿಲ್ಲ, ಕಪ್ಪಾದ ಭಾಗ ತೆಗೆದು ಉಳಿದದ್ದನ್ನು ಪಲ್ಯ ಮಾಡಬಹುದು. ಕೊಳೆತು ಲೋಳೆಯಾಗಿ ನಾರುತ್ತಿದ್ದರೆ ಎಸೆಯಬೇಕು.

ಆ ರೈತರು ಹದಿನೈದು ದಿನ ಕಾಯಲಿಲ್ಲ. ಗಟ್ಟಿ ಗಡ್ಡೆಗಳನ್ನು ಎಲೆ ಒಣಗಿದ ಮೇಲೆ, ಆರೋಗ್ಯವಾದ ಸಾಲಿನಿಂದ ಶುರುಮಾಡಿ ಕೊಯ್ದರು. ಒದ್ದೆ ಎಲೆಗಳ ನಡುವೆ ಓಡಾಡಿದರೆ ಬಟ್ಟೆ, ಕುಡುಗೋಲಿನ ಜೊತೆ ರೋಗವೂ ಸಾಲಿನಿಂದ ಸಾಲಿಗೆ ನಡೆಯುತ್ತದೆ. ನರದೊಳಗೆ ಸೇರಿದ ದುಂಡಾಣುವನ್ನು ತೆಗೆಯುವ ಔಷಧಿ ಇಲ್ಲ. ತಾಮ್ರದ ಸಿಂಪಡಣೆ ಹೊಸ ಎಲೆಗೆ ಹರಡುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೆ.

ರೋಗ ಬರುವುದು ಬಹುಮಟ್ಟಿಗೆ ಬೀಜದಿಂದ. ತಂಪು ಹವೆಯಲ್ಲಿ ಸಸಿಯೊಳಗೆ ಗುರುತೇ ಕೊಡದೆ ಅಡಗಿರುತ್ತದೆ, ಆದ್ದರಿಂದ ಸಸಿಮಡಿಯ ಹಸಿರು ಫೋಟೊ ನೋಡಿ ರೋಗವಿಲ್ಲ ಎನ್ನಲಾಗದು. ಮುಂದಿನ ಬೆಳೆಗೆ ಅವರಿಗೆ ಹೇಳಿದ್ದು ಮೂರೇ ಮಾತು. ಉಪಚಾರ ಆಗದ ಬೀಜವಾದರೆ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಒಣಗಿಸಿ ಬಿತ್ತಿ. ಥರ್ಮಾಮೀಟರ್ ಇಲ್ಲದೆ ಕೈ ಅಂದಾಜಿನಲ್ಲಿ ಮಾಡಬೇಡಿ, ಬಿಸಿ ಹೆಚ್ಚಾದರೆ ಮೊಳಕೆ ಸಾಯುತ್ತದೆ. ತುಂತುರು ನೀರಾವರಿಯ ಬದಲು ಹನಿ ನೀರಾವರಿ ಕೊಡಿ. ಆ ಹೊಲದಲ್ಲಿ ಎರಡು ಮೂರು ವರ್ಷ ಕೋಸು, ಹೂಕೋಸು, ಮೂಲಂಗಿ, ಸಾಸಿವೆ ಬೇಡ. ರಾಗಿ, ಜೋಳ, ಹುರುಳಿ ಹಾಕಿ.

ನೀವೂ ಕೋಸಿನ ಫೋಟೊ ಯಾರಿಗಾದರೂ ಕಳಿಸುವುದಿದ್ದರೆ ಮೂರು ಕಳಿಸಿ: ಬೆಳಕಿಗೆ ಹಿಡಿದ ಎಲೆ, ಅಡ್ಡ ಕೊಯ್ದ ಕಾಂಡ, ತಕ್ಕಡಿಯ ಮೇಲಿನ ಗಡ್ಡೆ. ಕಾಂಡದ ಫೋಟೊ ಇಲ್ಲದೆ ಔಷಧಿ ಬರೆದುಕೊಟ್ಟರೆ ಅದನ್ನು ನಂಬಬೇಡಿ.