ಕಾಫಿಯಲ್ಲಿ ಕಿತ್ತಳೆ ಹುಡುಕುವ ಬಗೆ

ಕಾಫಿ ಪೊಟ್ಟಣಗಳ ಮೇಲೆ ಈಗೀಗ ‘ಕಿತ್ತಳೆ, ಬಾದಾಮಿ, ಡಾರ್ಕ್ ಚಾಕೊಲೇಟ್’ ಎಂದೆಲ್ಲ ಅಚ್ಚಾಗಿರುತ್ತದೆ. ಇವನ್ನು ಪುಡಿಗೆ ಬೆರೆಸಿದ್ದಾರೆಂದು ತಿಳಿಯುವವರಿದ್ದಾರೆ. ಬೆರೆಸಿರುವುದಿಲ್ಲ. ಹಣ್ಣನ್ನು ನೆನಪಿಸುವ ಹುಳಿ, ಬೀಜದಲ್ಲೇ ಇರುವ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳದು. ಬಾದಾಮಿ, ಚಾಕೊಲೇಟಿನ ಪರಿಮಳ ಬೀಜವನ್ನು ಹುರಿಯುವಾಗ ಹುಟ್ಟುತ್ತದೆ. ಹುರಿತ ಹೆಚ್ಚಾದಷ್ಟೂ ಆ ಆಮ್ಲಗಳು ಒಡೆದುಹೋಗುತ್ತವೆ. ಹಾಗಾಗಿ ಕಪ್ಪಾಗುವಷ್ಟು ಹುರಿದು ಚಿಕೋರಿ ಸೇರಿಸಿದ ಫಿಲ್ಟರ್ ಪುಡಿಯಲ್ಲಿ ಕಿತ್ತಳೆಯನ್ನು ಹುಡುಕಿ ಫಲವಿಲ್ಲ.

ರುಚಿಯೇನೋ ನಾಲಿಗೆಗೆ ಬರುತ್ತದೆ, ಬಾಯಿಗೆ ಹೆಸರು ಬರುವುದಿಲ್ಲ. ಈ ತೊಡಕಿಗಾಗಿಯೇ ಅಮೆರಿಕದ ಸ್ಪೆಷಾಲ್ಟಿ ಕಾಫಿ ಸಂಘ 1995ರಲ್ಲಿ ಬಣ್ಣಬಣ್ಣದ ‘ಫ್ಲೇವರ್ ವೀಲ್’, ಅಂದರೆ ರುಚಿಚಕ್ರವನ್ನು ಹೊರತಂದಿತು. 2016ರಲ್ಲಿ ಅದನ್ನು ಹೊಸದಾಗಿ ರೂಪಿಸಲಾಯಿತು. ಅದರ ನಡುವೆ ಹೂ, ಹಣ್ಣು, ಸಿಹಿ, ಮಸಾಲೆ, ಬೀಜ-ಕೋಕೊ ಎಂಬಂಥ ಒಂಬತ್ತು ದೊಡ್ಡ ಮನೆಗಳಿವೆ. ಹೊರಗೆ ಹೋದಂತೆ ಮನೆ ಚಿಕ್ಕದಾಗುತ್ತದೆ: ಹಣ್ಣು, ಅದರೊಳಗೆ ಸಿಟ್ರಸ್ ಜಾತಿ, ಅದರೊಳಗೆ ಕಿತ್ತಳೆ. ಹೊಸಬರು ಹೊರ ಅಂಚಿನ ಹೆಸರುಗಳನ್ನೇ ಮೊದಲು ಓದುತ್ತಾರೆ, ಓದಿದ್ದೆಲ್ಲ ಕಪ್ಪಿನಲ್ಲಿ ಇದ್ದಂತೆ ತೋರುತ್ತದೆ. ನಡುವಿನಿಂದ ಹೊರಟು, ಅನುಮಾನ ಬಂದ ಕಡೆ ನಿಲ್ಲಬೇಕು. ಪೊಟ್ಟಣದ ಬರಹವನ್ನೂ ಕುಡಿದ ಮೇಲೆಯೇ ನೋಡುವುದು ಒಳ್ಳೆಯದು.

ಒಂದೇ ಕಪ್ ಎದುರಿಟ್ಟುಕೊಂಡರೆ ಹೆಸರು ಹೊಳೆಯುವುದಿಲ್ಲ, ಎರಡಿದ್ದರೆ ಹೊಳೆಯುತ್ತದೆ. ಚಿಕ್ಕಮಗಳೂರಿನ ಅರೇಬಿಕಾವನ್ನೇ ಎರಡು ಬಗೆಯಲ್ಲಿ ತನ್ನಿ. ಒಂದು, ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್, ಮಧ್ಯಮ ಹುರಿತ. ಇನ್ನೊಂದು, ಹಣ್ಣನ್ನು ಇಡಿಯಾಗಿಯೇ ಜೋಪಾನವಾಗಿ ಒಣಗಿಸಿದ ‘ನ್ಯಾಚುರಲ್’, ತೆಳು ಹುರಿತ. ಎರಡು ಲೋಟಗಳಿಗೂ ಹನ್ನೊಂದು ಗ್ರಾಂನಷ್ಟು ತರಿತರಿ ಪುಡಿ ಹಾಕಿ, ಕುದಿ ಇಳಿದ 200 ಮಿಲಿಲೀಟರ್ ನೀರು ಸುರಿಯಿರಿ. ನಾಲ್ಕು ನಿಮಿಷದ ಬಳಿಕ ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು, ಮೂಗು ಹತ್ತಿರ ತಂದು ವಾಸನೆ ಹಿಡಿಯಿರಿ. ನೊರೆ ತೆಗೆದುಹಾಕಿ. ಹಾಲು ಬೇಡ, ಸಕ್ಕರೆ ಬೇಡ. ಬಾಯಿ ಸುಡದಷ್ಟು ಆರಿದಾಗ ಚಮಚದಿಂದ ಸೊರ್ರೆಂದು ಎಳೆದುಕೊಳ್ಳಿ. ಮನೆಯಲ್ಲಿ ದೊಡ್ಡವರು ಬೈದರೂ ಸರಿಯೇ. ಸದ್ದು ಮಾಡಿ ಎಳೆದರೆ ಆವಿ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಆ ದಾರಿಯಲ್ಲಿ ಬಂದ ಪರಿಮಳವೇ. ಮೂಗು ಹಿಡಿದುಕೊಂಡು ಕುಡಿದರೆ ಹುಳಿ, ಕಹಿಯಷ್ಟೇ ಉಳಿಯುತ್ತದೆ.

ಪಾರ್ಚ್‌ಮೆಂಟ್ ಲೋಟದಲ್ಲಿ ಮೊದಲ ಪ್ರಶ್ನೆ, ಹಣ್ಣೋ, ಹುರಿದ ಬೀಜವೋ? ಬಾಯಲ್ಲಿ ನೀರೂರಿದರೆ ಹುಳಿ ಇದೆ, ಹಣ್ಣಿನ ಮನೆಯತ್ತ ಹೋಗಿ. ಹಾಗಾಗದೆ ಬೆಚ್ಚನೆಯ, ಹುರಿದ ವಾಸನೆ ಮುಂದೆ ಬಂದರೆ ಬೀಜ-ಕೋಕೊ ಮನೆ. ಬೀಜ, ಚಾಕೊಲೇಟ್ ಎರಡೂ ಹುರಿತದ ಮಕ್ಕಳಾದ್ದರಿಂದ ಅವುಗಳಲ್ಲಿ ಗೊಂದಲ ಸಹಜ. ಸಿಪ್ಪೆಸಮೇತ ಹುರಿದ ನಾಲ್ಕು ಕಡಲೆಕಾಯಿ ಬೀಜ, ಒಂದೆರಡು ಬಾದಾಮಿ, ಬಿಸಿನೀರಲ್ಲಿ ಕದಡಿದ ಸಕ್ಕರೆಯಿಲ್ಲದ ಕೋಕೊ ಪುಡಿ ಪಕ್ಕದಲ್ಲಿರಲಿ. ಒಂದೊಂದನ್ನೂ ಸವಿದು, ನೀರು ಕುಡಿದು, ಮತ್ತೆ ಕಾಫಿಗೆ ಬನ್ನಿ. ಬಾದಾಮಿಯ ಸಿಪ್ಪೆಯಲ್ಲಿ ಬಾಯಿ ಒಣಗಿಸುವ ಸಣ್ಣ ಒಗರಿದೆ. ಕೋಕೊದ ಕಹಿ ನುಂಗಿದ ಮೇಲೂ ಉಳಿಯುತ್ತದೆ. ಕಾಫಿ ಯಾವುದರ ಕಡೆ ವಾಲುತ್ತದೆಂದು ಹೇಳಲಾದರೆ ‘ಬಾದಾಮಿ’ ಅಥವಾ ‘ಕೋಕೊ’ ಎಂದು ಬರೆಯಿರಿ. ಆಗದಿದ್ದರೆ ‘ಹುರಿದ ಬೀಜದಂಥದ್ದು’ ಎಂದರೂ ಅದು ಪ್ರಾಮಾಣಿಕ ಉತ್ತರ. ಬೂದಿಯಂಥ ಕಹಿಯೊಂದೇ ಇದ್ದರೆ ಅದು ಚಾಕೊಲೇಟ್ ಅಲ್ಲ, ಹುರಿತ ಮಿತಿಮೀರಿದೆ.

ನ್ಯಾಚುರಲ್ ಲೋಟಕ್ಕೆ ಆತುರ ಬೇಡ. ಹಣ್ಣು ಆರಿದ ಮೇಲೆಯೇ ನಿಚ್ಚಳವಾಗುವುದು. ಕಿತ್ತಳೆ ಸಿಪ್ಪೆ, ಒಣದ್ರಾಕ್ಷಿ, ಸೇಬು ಇಟ್ಟುಕೊಂಡು ಹೋಲಿಸಿ. ಹುಳಿ ಚುರುಕಾಗಿ ಬಂದು ಮಾಯವಾಗುತ್ತದೆಯೋ, ಒಣಹಣ್ಣಿನಂತೆ ಸಿಹಿಯೊಡನೆ ನಿಲ್ಲುತ್ತದೆಯೋ ನೋಡಿ. ಹೆಂಡದ ವಾಸನೆ ಮುಖಕ್ಕೆ ರಾಚಿದರೆ ಅದು ಹಣ್ಣಿನ ಗುಣವಲ್ಲ, ಕಣದಲ್ಲಿ ಹಣ್ಣು ಅತಿಯಾಗಿ ಹುದುಗಿದ ಸುಳಿವು. ಚಕ್ರದಲ್ಲಿ ಅದಕ್ಕೆ ಹುದುಗಿನ ಮನೆ ಬೇರೆಯೇ ಇದೆ.

ಚಕ್ರದ ಹೊರ ಅಂಚಿನಲ್ಲಿ ಬ್ಲೂಬೆರಿ, ರಾಸ್ಪ್‌ಬೆರಿ, ಮೇಪಲ್ ಪಾಕ ಇವೆ. ತಿಂದೇ ಇಲ್ಲದ ಹಣ್ಣನ್ನು ಕಾಫಿಯಲ್ಲಿ ಗುರುತಿಸಿದೆನೆಂದರೆ ಯಾರೂ ನಂಬಬಾರದು. ಅಲ್ಲಿ ನಿಮ್ಮ ನೆನಪಿನಲ್ಲಿರುವುದನ್ನು ಬರೆದುಕೊಳ್ಳಿ: ಕಂದು ಸಕ್ಕರೆಯ ಪಕ್ಕ ಜೋನಿಬೆಲ್ಲ, ಬೆರಿಗಳ ಪಕ್ಕ ನೇರಳೆ, ಸಿಟ್ರಸ್ ಸಾಲಿನಲ್ಲಿ ಹೇರಳೆ. ಪಕ್ಕದಲ್ಲಿ ಕುಳಿತವರು ನೇರಳೆಯ ಬದಲು ದ್ರಾಕ್ಷಿ ಎಂದರೆ ಜಗಳ ಬೇಡ, ಇಬ್ಬರೂ ಹಣ್ಣಿನ ಮನೆಯಲ್ಲೇ ಇದ್ದೀರಿ. ಅವರು ಕಡಲೆಕಾಯಿ ಎಂದರೆ ಮಾತ್ರ ಇಬ್ಬರೂ ಇನ್ನೊಂದು ಚಮಚ ಕುಡಿದು ನೋಡಬೇಕು.