ಮಳೆಗಾಲದಲ್ಲಿ ತುಳಸಿ ಒಣಗಿಸುವುದು ಹೇಗೆ?

ಮಕ್ಕಳೇ, ಬೇಸಿಗೆಯಲ್ಲಿ ತುಳಸಿ ಎಲೆಗಳನ್ನು ಕಿತ್ತು ನೆರಳಿನಲ್ಲಿ ಹರಡಿದರೆ ಕೆಲವೇ ದಿನಗಳಲ್ಲಿ ಗರಿಗರಿಯಾಗಿ ಒಣಗುತ್ತವೆ. ಅದೇ ಕೆಲಸವನ್ನು ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಾಗ ಮಾಡಿ ನೋಡಿ. ನಾಲ್ಕು ದಿನ ಕಳೆದರೂ ಎಲೆ ಮೆತ್ತಗೇ ಇರುತ್ತದೆ. ಆಮೇಲೆ ಕಪ್ಪಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಬಿಳಿ ಎಳೆಗಳು ಕಾಣುತ್ತವೆ. ಅದೇ ಬೂಷ್ಟು. ಎಲೆಯೂ ಅದೇ, ನೆರಳೂ ಅದೇ. ಹಾಗಿದ್ದರೆ ಬದಲಾದದ್ದು ಏನು? ಗಾಳಿ!

ಗಾಳಿಯೂ ನೀರು ಕುಡಿಯುತ್ತದೆ

ಎಲೆ ಒಣಗುವುದು ಎಂದರೆ ಅದರೊಳಗಿನ ನೀರು ಆವಿಯಾಗಿ ಗಾಳಿಗೆ ಸೇರುವುದು. ಆದರೆ ಗಾಳಿ ಎಷ್ಟು ನೀರಾವಿಯನ್ನಾದರೂ ಹಿಡಿದುಕೊಳ್ಳಲಾರದು. ಅದಕ್ಕೆ ಒಂದು ಮಿತಿ ಇದೆ. 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 22 ಗ್ರಾಂ ನೀರಾವಿ ಇರಬಹುದು. ಮಳೆಗಾಲದ ಗಾಳಿಯ ಆರ್ದ್ರತೆ ಶೇಕಡಾ 90 ಎಂದು ಹೇಳುವುದನ್ನು ಕೇಳಿದ್ದೀರಲ್ಲವೇ? ಅಂದರೆ ಆ 22 ಗ್ರಾಂನಲ್ಲಿ ಸುಮಾರು 20 ಗ್ರಾಂ ಆಗಲೇ ತುಂಬಿಹೋಗಿದೆ. ತುಳಸಿಯ ನೀರಿಗೆ ಉಳಿದಿರುವ ಜಾಗ 2 ಗ್ರಾಂ ಮಾತ್ರ.

ಈಗ ಒಂದು ಸ್ವಾರಸ್ಯ ನೋಡಿ. ಇದೇ ಗಾಳಿಯನ್ನು 38 ಡಿಗ್ರಿಗೆ ಬಿಸಿ ಮಾಡಿದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು 46 ಗ್ರಾಂಗೆ ಏರುತ್ತದೆ. ಅದರಲ್ಲಿರುವುದು 20 ಗ್ರಾಂ ಮಾತ್ರವಾದ್ದರಿಂದ ಇನ್ನೂ 26 ಗ್ರಾಂಗೆ ಜಾಗವಿದೆ! ನಾವು ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆದಿಲ್ಲ. ಸ್ವಲ್ಪ ಬೆಚ್ಚಗೆ ಮಾಡಿದೆವು, ಅಷ್ಟೇ. ಮಳೆಗಾಲದಲ್ಲಿ ಎಲೆ ಒಣಗಿಸುವ ಗುಟ್ಟು ಇದೇ.

ಬೂಷ್ಟಿನ ಜೊತೆ ಓಟದ ಪಂದ್ಯ

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ಎಲ್ಲೆಡೆ ತೇಲುತ್ತಿರುತ್ತವೆ. ಎಲೆಯ ಮೇಲೂ ಮೊದಲೇ ಕುಳಿತಿರುತ್ತವೆ. ತೇವ ಸಿಕ್ಕರೆ ಎರಡು ಮೂರು ದಿನಗಳಲ್ಲಿ ಅವು ಬೆಳೆಯತೊಡಗುತ್ತವೆ. ಎಲೆಯಲ್ಲಿ ನೀರು ಶೇಕಡಾ 10ರ ಹತ್ತಿರಕ್ಕೆ ಇಳಿದರೆ ಅವಕ್ಕೆ ಬೆಳೆಯಲು ಆಗುವುದಿಲ್ಲ. ಆದ್ದರಿಂದ ಬೂಷ್ಟು ಏಳುವ ಮೊದಲೇ ಎಲೆ ಒಣಗಬೇಕು.

ಮೊದಲ ಹೆಜ್ಜೆ: ನೆರಳು ಮತ್ತು ಬೀಸುವ ಗಾಳಿ

ಮಳೆ ಬಿಟ್ಟು ಎಲೆಯ ಮೇಲಿನ ಹನಿ ಆರಿದ ಮೇಲೆ ತುಳಸಿ ಕೀಳಿ. ಧೂಳಿದ್ದರೆ ಬೇಗ ತೊಳೆದು, ಕೊಡವಿ, ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಕೊಳೆತ ಎಲೆಗಳನ್ನು ಬೇರೆ ಮಾಡಿ. ದಪ್ಪ ಕಡ್ಡಿಗಳನ್ನೂ ತೆಗೆಯಿರಿ, ಅವು ಎಲೆಗಿಂತ ನಿಧಾನವಾಗಿ ಒಣಗುತ್ತವೆ.

ಎಲೆಗಳನ್ನು ಚಾಪೆಯ ಮೇಲೆ ರಾಶಿ ಹಾಕಬೇಡಿ. ಮರದ ಚೌಕಟ್ಟಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿದು, ಅದರ ಮೇಲೆ ಒಂದೇ ಪದರವಾಗಿ ಹರಡಿ. ಚೌಕಟ್ಟನ್ನು ನೆಲದಿಂದ ಎತ್ತರಿಸಿ ಇಟ್ಟರೆ ಗಾಳಿ ಮೇಲೂ ಕೆಳಗೂ ಆಡುತ್ತದೆ.

ಒದ್ದೆ ಸ್ಲೇಟನ್ನು ಒಣಗಿಸಲು ನೀವು ಅದನ್ನು ಬೀಸುತ್ತೀರಲ್ಲವೇ? ಸ್ಲೇಟಿಗೆ ಅಂಟಿಕೊಂಡಂತೆ ಒಂದು ತೇವದ ಗಾಳಿಯ ಪದರ ನಿಂತಿರುತ್ತದೆ. ಬೀಸಿದಾಗ ಅದು ಸರಿದು ಹೊಸ ಗಾಳಿ ಬರುತ್ತದೆ. ಎಲೆಗೂ ಹೀಗೆಯೇ. ಫ್ಯಾನಿನ ಕೆಳಗೆ ಕೆಲವು ಗಂಟೆ ಇಟ್ಟರೆ ಎಲೆ ಬಾಡಿ, ಮೇಲಿನ ತೇವವೆಲ್ಲ ಹೋಗುತ್ತದೆ.

ನಡುವೆ ಬಿಸಿಲು ಬಂದರೆ ಅಂಗಳದಲ್ಲಿ ಇಡಬಹುದೇ? ಬೇಡ. ಪ್ರಖರ ಬಿಸಿಲು ಎಲೆಯ ಹಸಿರನ್ನು ಕೆಡಿಸುತ್ತದೆ. ತುಳಸಿಯ ಪರಿಮಳಕ್ಕೆ ಕಾರಣವಾದ ಎಣ್ಣೆಯೂ ಬಿಸಿಗೆ ಬೇಗ ಹಾರಿಹೋಗುತ್ತದೆ.

ಎರಡನೆಯ ಹೆಜ್ಜೆ: ಬೆಚ್ಚಗಿನ ಪೆಟ್ಟಿಗೆ

ಮಳೆ ಜೋರಾಗಿದ್ದಾಗ ಫ್ಯಾನು ಒಂದೇ ಸಾಲದು. ತುಂಬಿದ ಗಾಳಿಯನ್ನು ಎಷ್ಟು ಬೀಸಿದರೂ ಅದು ಕುಡಿಯುವುದು ಸ್ವಲ್ಪವೇ. ಆಗ ಶಿಕ್ಷಕರ ಸಹಾಯದಿಂದ ಒಂದು ಪೆಟ್ಟಿಗೆ ತಯಾರಿಸಬಹುದು. ಮೊಣಕಾಲೆತ್ತರದ ಮರದ ಪೆಟ್ಟಿಗೆಯ ತಳದಲ್ಲಿ ಹೋಲ್ಡರ್ ಕೂರಿಸಿ 40 ವ್ಯಾಟ್‌ನ ಬಲ್ಬು ಹಾಕಬೇಕು. ಇದು ಒಳಗೆ ತಂತಿ ಕಾಯುವ ಹಳೆಯ ಬಗೆಯ ಬಲ್ಬೇ ಆಗಿರಬೇಕು. ಎಲ್‌ಇಡಿ ಬಲ್ಬು ಸಾಕಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿನಿಂದ ಒಂದು ಅಡಿ ಮೇಲೆ ತಂತಿ ಜಾಲರಿಯ ತಟ್ಟೆ ಇರಲಿ. ಪೆಟ್ಟಿಗೆಯ ಬದಿಗಳಲ್ಲಿ ಕೆಳಗೆ ಕೆಲವು ತೂತುಗಳು, ಮುಚ್ಚಳದಲ್ಲಿ ಕೆಲವು ತೂತುಗಳು ಬೇಕು.

ಕೆಳಗಿನಿಂದ ಬಂದ ಗಾಳಿ ಬಲ್ಬಿನ ಬಳಿ ಬಿಸಿಯಾಗಿ, ಹಗುರವಾಗಿ ಮೇಲೇರುತ್ತದೆ. ದಾರಿಯಲ್ಲಿ ಎಲೆಯ ನೀರನ್ನು ಹೀರಿ, ಮುಚ್ಚಳದ ತೂತಿನಿಂದ ಹೊರಗೆ ಹೋಗುತ್ತದೆ. ಬಿಸಿ ಒಳಗೇ ಉಳಿಯಲಿ ಎಂದು ಮೇಲಿನ ತೂತು ಮುಚ್ಚಿದರೆ ಆವಿ ಹೊರಹೋಗದೆ ಎಲೆ ಕಪ್ಪಾಗುತ್ತದೆ. ತಟ್ಟೆಯ ಬಳಿ ಉಷ್ಣತೆ 35ರಿಂದ 40 ಡಿಗ್ರಿ ಇರಲಿ. ಹೆಚ್ಚಾದರೆ ಮುಚ್ಚಳವನ್ನು ಸ್ವಲ್ಪ ಸರಿಸಿ.

ಎಚ್ಚರಿಕೆ: ವಿದ್ಯುತ್ ಜೋಡಣೆಯನ್ನು ದೊಡ್ಡವರೇ ಮಾಡಬೇಕು. ಒದ್ದೆ ಕೈಯಿಂದ ಮುಟ್ಟಬೇಡಿ. ಉದುರಿದ ಒಣ ಎಲೆ ಬಲ್ಬಿನ ಮೇಲೆ ಬೀಳದಂತೆ ಜಾಲರಿ ಸಣ್ಣದಾಗಿರಲಿ. ಯಾರೂ ಇಲ್ಲದಾಗ ಬಲ್ಬು ಉರಿಸಬೇಡಿ.

ಲೆಕ್ಕ ಹಾಕೋಣ

100 ಗ್ರಾಂ ಹಸಿ ತುಳಸಿ ತೆಗೆದುಕೊಂಡಿರಿ ಎನ್ನೋಣ. ಅದರಲ್ಲಿ ಸುಮಾರು 80 ಗ್ರಾಂ ನೀರು, 20 ಗ್ರಾಂ ಉಳಿದ ಪದಾರ್ಥ. ಒಣಗಿದ ಮೇಲೆ ತೂಕ ಸುಮಾರು 22 ಗ್ರಾಂ ಆಗಬೇಕು. ಆಗ ಅದರಲ್ಲಿರುವ ನೀರು 2 ಗ್ರಾಂ, ಅಂದರೆ ಸುಮಾರು ಹತ್ತನೇ ಒಂದು ಭಾಗ. ಹಾಗಾದರೆ ಹೊರಹೋಗಬೇಕಾದ ನೀರು 78 ಗ್ರಾಂ.

ಒಂದು ಘನ ಮೀಟರ್ ತಣ್ಣನೆಯ ಗಾಳಿ 2 ಗ್ರಾಂ ಒಯ್ಯುತ್ತದೆ. 78 ಗ್ರಾಂ ಒಯ್ಯಲು ಅಂಥ 39 ಘನ ಮೀಟರ್ ಗಾಳಿ ಬೇಕು. ಬೆಚ್ಚಗಿನ ಗಾಳಿಯಾದರೆ 3 ಘನ ಮೀಟರ್ ಸಾಕು. ನಿಜದಲ್ಲಿ ಗಾಳಿ ಪೂರ್ತಿ ತುಂಬಿಕೊಳ್ಳುವ ಮೊದಲೇ ಮುಂದೆ ಸಾಗುವುದರಿಂದ ಎರಡೂ ಲೆಕ್ಕಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಆದರೂ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ!

ಒಣಗಿತೆಂದು ತಿಳಿಯುವುದು ಹೇಗೆ?

ಎಲೆಯನ್ನು ಬೆರಳಲ್ಲಿ ಹಿಸುಕಿ. ಮಡಿಚಿದರೆ ಇನ್ನೂ ಒಣಗಿಲ್ಲ, ಪುಡಿಯಾದರೆ ಒಣಗಿದೆ. ಸಣ್ಣ ತೊಟ್ಟು ಬಾಗದೆ ಚಟ್ಟನೆ ಮುರಿಯಬೇಕು. ತಕ್ಕಡಿ ಇದ್ದರೆ ಗಂಟೆಗೊಮ್ಮೆ ತೂಗಿ. ಎರಡು ಸಲ ತೂಗಿದರೂ ತೂಕ ಇಳಿಯದಿದ್ದರೆ ಕೆಲಸ ಮುಗಿಯಿತು.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ತೆರೆದಿಟ್ಟ ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗುವುದನ್ನು ನೋಡಿದ್ದೀರಿ. ಒಣ ತುಳಸಿಯೂ ಹಾಗೆಯೇ ಗಾಳಿಯಿಂದ ನೀರನ್ನು ಮರಳಿ ಹೀರುತ್ತದೆ. ಆದ್ದರಿಂದ ಬಿಸಿ ಆರಿದ ಕೂಡಲೇ ಒಣಗಿದ ಗಾಜಿನ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಮರುದಿನ ಸೀಸೆಯನ್ನು ನೋಡಿ. ಒಳಗೆ ಮಂಜು ಕಟ್ಟಿದ್ದರೆ ಅಥವಾ ಎಲೆ ಮೆತ್ತಗಾಗಿದ್ದರೆ ಮತ್ತೆ ಪೆಟ್ಟಿಗೆಯಲ್ಲಿ ಒಣಗಿಸಿ.

ಬೂಷ್ಟು ಕಂಡರೆ ಮಾತ್ರ ಒರೆಸಿ ಬಳಸಬೇಡಿ. ಅದರ ಎಳೆಗಳು ಎಲೆಯ ಒಳಗೂ ಇಳಿದಿರುತ್ತವೆ. ಕೆಲವು ಬೂಷ್ಟುಗಳು ವಿಷವನ್ನೂ ತಯಾರಿಸುತ್ತವೆ. ಕಷಾಯಕ್ಕೆ ಹಾಕಿ ಕುದಿಸಿದರೂ ಅಂಥ ವಿಷ ಪೂರ್ತಿ ಹೋಗುವುದಿಲ್ಲ. ಆ ಸೀಸೆಯಲ್ಲಿರುವುದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿಬಿಡಿ.

ನೀವೇ ಮಾಡಿ ನೋಡಿ: ಹತ್ತು ಹತ್ತು ತುಳಸಿ ಎಲೆಗಳ ಮೂರು ಗುಂಪು ಮಾಡಿ. ಒಂದನ್ನು ತಟ್ಟೆಯಲ್ಲಿ ಗುಡ್ಡೆ ಹಾಕಿ, ಇನ್ನೊಂದನ್ನು ಪರದೆಯ ಮೇಲೆ ಹರಡಿ, ಮೂರನೆಯದನ್ನು ಪೆಟ್ಟಿಗೆಯಲ್ಲಿಡಿ. ಯಾವುದು ಯಾವಾಗ ಪುಡಿಯಾಗುವಷ್ಟು ಒಣಗಿತು, ಯಾವುದರಲ್ಲಿ ಬೂಷ್ಟು ಬಂತು ಎಂದು ದಿನವೂ ಬರೆದಿಡಿ.