ಮಗು ಗೇಮ್‌ನಲ್ಲಿ ಕೊಂಡ ವಜ್ರಗಳು: ಹಣ ವಾಪಸ್ ಕೇಳುವ ಪತ್ರ

ಅಪ್ಪನ ಫೋನಿನಲ್ಲಿ ಆಡುತ್ತಿದ್ದ ಮಗು ತಿಳಿಯದೆ ಗೇಮ್‌ನೊಳಗೆ ಏನನ್ನೋ ಕೊಂಡಿದ್ದರೆ, ಪತ್ರ ಬರೆಯುವ ಮುನ್ನ ಹಣ ಹಿಂದಿರುಗಿಸುವ ಅಧಿಕಾರ ಯಾರದು ಎಂದು ನೋಡಿಕೊಳ್ಳಬೇಕು. ಐಫೋನ್ ಆದರೆ ಅದು ಆಪಲ್‌ನದು. ಗೇಮ್ ಮಾಡಿದ ಸ್ಟುಡಿಯೋ ಬಯಸಿದರೂ ಆ ಹಣ ಕೊಡಲಾಗದು, ಆದ್ದರಿಂದ ನೇರವಾಗಿ reportaproblem.apple.com ಪುಟದಲ್ಲೇ ಕೇಳಬೇಕು. ಆಂಡ್ರಾಯ್ಡ್‌ನಲ್ಲಿ ಬೇರೆ ಕ್ರಮ. ಖರೀದಿಯಾಗಿ 48 ಗಂಟೆಯೊಳಗಾದರೆ ಗೂಗಲ್ ಪ್ಲೇಯಲ್ಲಿ ಕೇಳಬಹುದು. ಆ ಅವಧಿ ದಾಟಿದರೆ ಗೂಗಲ್ ಸಾಮಾನ್ಯವಾಗಿ ಸ್ಟುಡಿಯೋದ ಕಡೆಗೆ ಕೈ ತೋರಿಸುತ್ತದೆ. ಆರ್ಡರ್ ನಂಬರ್ ಇದ್ದರೆ ಸ್ಟುಡಿಯೋ ತಾನೇ ಹಣ ಹಿಂದಿರುಗಿಸಬಲ್ಲದು. ಪತ್ರಕ್ಕೆ ಬೆಲೆ ಬರುವುದು ಇಲ್ಲಿ.

ಒಂದು ಮನೆಯ ಉದಾಹರಣೆ ಇಟ್ಟುಕೊಳ್ಳೋಣ. ಎಂಟು ವರ್ಷದ ಹುಡುಗ ಶನಿವಾರ ಸಂಜೆ ಅರ್ಧ ಗಂಟೆಯಲ್ಲಿ ನಾಲ್ಕು ಸಲ ವಜ್ರ ಕೊಂಡಿದ್ದಾನೆ: ₹449ರ ಎರಡು, ₹899ರ ಎರಡು, ಒಟ್ಟು ₹2,696. ಪ್ಲೇ ಖಾತೆಗೆ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ ಜೋಡಿಸಿದ್ದರಿಂದ ಬ್ಯಾಂಕಿನ ಒಟಿಪಿ ಬರಲೇ ಇಲ್ಲ. ತಿಂಗಳ ಕೊನೆಗೆ ಬಿಲ್ ಬಂದಾಗಲೇ ಮನೆಯವರಿಗೆ ಗೊತ್ತಾದದ್ದು. ಅಷ್ಟು ಹೊತ್ತಿಗೆ 48 ಗಂಟೆ ಎಂದೋ ಮುಗಿದಿತ್ತು.

ಮೊದಲ ಕೆಲಸ, ಆ ಖಾತೆಯಿಂದ ಗೇಮ್ ಆಡುವುದನ್ನು ನಿಲ್ಲಿಸುವುದು. ವಜ್ರಗಳು ಖರ್ಚಾಗಿವೆಯೋ ಹಾಗೇ ಇವೆಯೋ ಎಂಬುದು ಸ್ಟುಡಿಯೋದ ದಾಖಲೆಯಲ್ಲಿ ನಿಮಿಷ ಸಹಿತ ಇರುತ್ತದೆ. ಉಳಿದಿದ್ದರೆ ವಾಪಸ್ ಪಡೆದು ಹಣ ಕೊಡುವುದು ಅವರಿಗೆ ಸುಲಭ. ಆಮೇಲೆ ಜಿಮೇಲ್‌ನಲ್ಲಿ GPA ಎಂದು ಹುಡುಕಿದರೆ ಗೂಗಲ್ ಕಳಿಸಿದ ರಸೀದಿಗಳು ಸಿಗುತ್ತವೆ. ಪ್ರತಿ ಖರೀದಿಗೂ GPA. ಎಂದು ಶುರುವಾಗುವ ಬೇರೆ ಬೇರೆ ಆರ್ಡರ್ ನಂಬರ್ ಇರುತ್ತದೆ. ನಾಲ್ಕನ್ನೂ ಕಾಪಿ ಮಾಡಿಕೊಳ್ಳಿ, ಕೈಯಿಂದ ಟೈಪ್ ಮಾಡಿದರೆ ಅಂಕಿ ತಪ್ಪುತ್ತದೆ. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಆಟಗಾರನ ಐಡಿ ಸಿಗುತ್ತದೆ, ಅದೂ ಬೇಕು.

ಪತ್ರ ಹೀಗಿದ್ದರೆ ಸಾಕು (ವಿದೇಶಿ ಸ್ಟುಡಿಯೋ ಆದರೆ ಇದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು):

"ಮಾನ್ಯರೇ, ನನ್ನ ಎಂಟು ವರ್ಷದ ಮಗ ನನ್ನ ಫೋನಿನಲ್ಲಿ, ನನ್ನ ಅನುಮತಿ ಇಲ್ಲದೆ, ನಿಮ್ಮ ಗೇಮ್‌ನಲ್ಲಿ ನಾಲ್ಕು ಸಲ ವಜ್ರ ಖರೀದಿಸಿದ್ದಾನೆ. ಒಟ್ಟು ₹2,696. ಆಟಗಾರನ ಐಡಿ, ನಾಲ್ಕು ಆರ್ಡರ್ ನಂಬರ್, ಪ್ರತಿಯೊಂದರ ದಿನಾಂಕ ಮತ್ತು ಮೊತ್ತ ಕೆಳಗಿವೆ. ಮೊಬೈಲ್ ಬಿಲ್ ಮೂಲಕ ಪಾವತಿಯಾದ ಕಾರಣ ನನಗೆ ತಡವಾಗಿ ತಿಳಿಯಿತು. ಮೊದಲ ಪ್ಯಾಕ್‌ನ ವಜ್ರ ಖರ್ಚಾಗಿದೆ, ಉಳಿದ ಮೂರು ಹಾಗೇ ಇವೆ. ವಜ್ರಗಳನ್ನು ಹಿಂಪಡೆದು ಹಣ ಮರಳಿಸಬೇಕೆಂದು ಕೋರುತ್ತೇನೆ. ಪೂರ್ತಿ ಸಾಧ್ಯವಿಲ್ಲವಾದರೆ ಬಳಸದ ಮೂರು ಆರ್ಡರ್‌ಗಳ ಹಣವನ್ನಾದರೂ ಕೊಡಿ."

ಖರ್ಚಾದದ್ದನ್ನು ಮುಚ್ಚಿಡದೆ ಹೇಳಿರುವುದನ್ನು ಗಮನಿಸಿ. ದಾಖಲೆ ಅವರ ಮುಂದೆಯೇ ಇರುವಾಗ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಮಾತನ್ನೂ ನಂಬುವುದಿಲ್ಲ. ಕೊನೆಯ ವಾಕ್ಯವೂ ಮುಖ್ಯ: ಪೂರ್ತಿ ನಿರಾಕರಿಸುವ ಬದಲು ಅರ್ಧದಾರಿಗೆ ಬರಲು ಅದು ಅವಕಾಶ ಕೊಡುತ್ತದೆ. ಕಾರ್ಡ್ ನಂಬರ್, ಒಟಿಪಿ, ಯುಪಿಐ ಪಿನ್, ಪಾಸ್‌ವರ್ಡ್ ಇವನ್ನು ಬರೆಯಲೇಬಾರದು. ಹಣ ಮರಳಿಸಲು ಅವು ಬೇಕಿಲ್ಲ. ಪತ್ರವನ್ನು ಗೇಮ್‌ನೊಳಗಿನ ಸಹಾಯ ವಿಭಾಗದಿಂದಲೋ, ಪ್ಲೇ ಸ್ಟೋರ್‌ನಲ್ಲಿ ಆ ಗೇಮ್‌ನ ಪುಟದಲ್ಲಿರುವ ಇಮೇಲ್‌ಗೋ ಕಳಿಸಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ "ಕಸ್ಟಮರ್ ಕೇರ್" ನಂಬರಿಗೆ ಫೋನ್ ಮಾಡಬೇಡಿ. ಅಂಥ ನಂಬರ್ ಹಾಕಿ ವಂಚಿಸುವವರು ಕಾದು ಕೂತಿರುತ್ತಾರೆ.

ಮೊದಲ ಉತ್ತರ ಹೆಚ್ಚಾಗಿ ಸಿದ್ಧ ಉತ್ತರವೇ: "ದಯವಿಟ್ಟು ಗೂಗಲ್ ಅನ್ನು ಸಂಪರ್ಕಿಸಿ." ಹೊಸ ದೂರು ಹಾಕಬೇಡಿ. ಅದೇ ಉತ್ತರದ ಕೆಳಗೆ, 48 ಗಂಟೆ ಮುಗಿದಿರುವುದರಿಂದ ಗೂಗಲ್ ನಿಮ್ಮ ಕಡೆಗೇ ಕಳಿಸಿದೆ ಎಂದು ಬರೆದು, ಗೂಗಲ್ ಕಳಿಸಿದ ಆ ಸಂದೇಶದ ಸ್ಕ್ರೀನ್‌ಶಾಟ್ ಲಗತ್ತಿಸಿ.

ಕಾರ್ಡಿನಿಂದ ಹೋದ ಹಣವಾದರೆ ಕೆಲವರು ಸಿಟ್ಟಿಗೆದ್ದು ಮೊದಲೇ ಬ್ಯಾಂಕಿಗೆ ತಕರಾರು ಕೊಡುತ್ತಾರೆ. ಅದಕ್ಕೆ ಮುನ್ನ ಯೋಚಿಸಬೇಕು, ಏಕೆಂದರೆ ಗೇಮ್ ಖಾತೆಯೇ ಬಂದ್ ಆಗಬಹುದು. 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಫೋರ್ಟ್‌ನೈಟ್' ಗೇಮ್‌ನ ಎಪಿಕ್ ಗೇಮ್ಸ್ ಮೇಲೆ ಹೊರಿಸಿದ ಆರೋಪಗಳಲ್ಲಿ ಇದೂ ಒಂದು: ಅನುಮತಿಯಿಲ್ಲದ ಖರೀದಿಗಳ ಬಗ್ಗೆ ಬ್ಯಾಂಕಿನಲ್ಲಿ ತಕರಾರು ಮಾಡಿದವರ ಖಾತೆಗೆ ಕಂಪನಿ ಬೀಗ ಹಾಕಿತು ಎಂದು. ಆ ಪ್ರಕರಣದಲ್ಲಿ ಗ್ರಾಹಕರಿಗೆ ಹಣ ಮರಳಿಸಲು ಎಪಿಕ್ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮ ಮನೆಗಳಿಗೆ ಆ ತೀರ್ಮಾನ ಅನ್ವಯಿಸುವುದಿಲ್ಲ. ಹಾಗಾಗಿ ಸ್ಟುಡಿಯೋ ಬರಹದಲ್ಲಿ ನಿರಾಕರಿಸಿದ ಮೇಲಷ್ಟೇ ಬ್ಯಾಂಕಿನ ಬಾಗಿಲು ತಟ್ಟುವುದು ಸರಿ ಎನ್ನುವುದು ನನ್ನ ಅಭಿಪ್ರಾಯ.

ಒಪ್ಪಿಗೆ ಸಿಕ್ಕರೆ ಮೊಬೈಲ್ ಬಿಲ್ಲಿನ ಹಣ ಕೈಗೆ ಬರುವುದಿಲ್ಲ, ಬಿಲ್ಲಿನಲ್ಲೇ ಜಮೆಯಾಗುತ್ತದೆ; ಕಾಣಿಸಿಕೊಳ್ಳಲು ಒಂದೆರಡು ಬಿಲ್ ಕಾಯಬೇಕಾಗಬಹುದು. ಇತ್ತ ಗೇಮ್‌ನಲ್ಲಿ ವಜ್ರದ ಲೆಕ್ಕ ಸೊನ್ನೆಗಿಂತ ಕೆಳಗಿಳಿದರೂ ಇಳಿಯಬಹುದು, ಅದನ್ನು ಹುಡುಗನಿಗೆ ಮೊದಲೇ ಹೇಳಿಡಿ. ಫೋನ್ ಮತ್ತೆ ಅವನ ಕೈಗೆ ಹೋಗುವ ಮುನ್ನ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಪಾವತಿ ವಿಧಾನಗಳ ಪಟ್ಟಿಯಿಂದ ಮೊಬೈಲ್ ಬಿಲ್ ತೆಗೆದುಹಾಕಿ.